ಅಪ್ಪನಿಗೆ ಎರಡು ಸಲ ಕಿಡ್ನಿ ಕಲ್ಲು ಬಂದಿತ್ತು. ನಾನು ಕ್ರಿಯೇಟಿನ್ ತಗೊಳ್ಳಬಹುದಾ?

ಸಂತೆಪೇಟೆ ಹುಡುಗ

ಎಲ್ಲರಿಗೂ ನಮಸ್ಕಾರ. ಹಾಸನದವನು, ವಯಸ್ಸು 24, ತೂಕ 74 ಕೆಜಿ. ಒಂದೂವರೆ ವರ್ಷದಿಂದ ಜಿಮ್‌ಗೆ ಹೋಗುತ್ತಿದ್ದೇನೆ. ಎರಡು ತಿಂಗಳಿಂದ ದಿನಕ್ಕೆ 5 ಗ್ರಾಂ ಕ್ರಿಯೇಟಿನ್ ಮೊನೊಹೈಡ್ರೇಟ್ ತಗೊಳ್ಳುತ್ತಿದ್ದೆ.

ನಮ್ಮ ಮನೆತನದಲ್ಲೇ ಕಲ್ಲಿನ ಕಾಟ ಇದೆ. ಅಪ್ಪನಿಗೆ 38ನೇ ವಯಸ್ಸಲ್ಲಿ ಒಂದು, 47ರಲ್ಲಿ ಇನ್ನೊಂದು. ದೊಡ್ಡಪ್ಪನಿಗೆ ಲೇಸರ್ ಹಾಕಿ ಪುಡಿ ಮಾಡಿ ತೆಗೆದರು. ಎರಡನೇ ಸಲ ಅಪ್ಪನಿಗೆ ನೋವು ಬಂದಾಗ ನಾನು ಪಿಯುಸಿ. ರಾತ್ರಿ ಎರಡು ಗಂಟೆಗೆ ಹಜಾರದ ನೆಲದ ಮೇಲೆ ಮಗ್ಗುಲು ಬದಲಾಯಿಸುತ್ತಾ ಒದ್ದಾಡುತ್ತಿದ್ದರು, ಕೂರಲೂ ಆಗದು, ಮಲಗಲೂ ಆಗದು. ಅದು ಕಣ್ಣಿಗೆ ಕಟ್ಟಿದ ಹಾಗಿದೆ.

ಕಳೆದ ವಾರ ಕೆಲಸದ ಕಡೆಯಿಂದ ಹೆಲ್ತ್ ಚೆಕಪ್ ಆಯ್ತು. ಕ್ರಿಯಾಟಿನಿನ್ 1.4, ಇಜಿಎಫ್‌ಆರ್ 72 ಅಂತ ಬಂದಿದೆ. ಅಲ್ಲಿದ್ದ ಡಾಕ್ಟರು ರಿಪೋರ್ಟ್ ನೋಡಿ "ಪೌಡರ್ ತಗೊಳ್ತೀಯಾ? ಬಿಟ್ಟುಬಿಡು, ಕಲ್ಲಾಗುತ್ತೆ" ಅಂದರು, ಮುಂದಿನವರನ್ನು ಕರೆದರು. ಅಮ್ಮ ಡಬ್ಬವನ್ನು ಅಟ್ಟದ ಮೇಲೆ ಇಟ್ಟಿದ್ದಾರೆ. ಜಿಮ್‌ನಲ್ಲಿ ಕೇಳಿದರೆ "ಏನೂ ಆಗಲ್ಲ" ಅನ್ನುತ್ತಾರೆ. ಯಾರ ಮಾತು ನಂಬಬೇಕು? ವಂಶದಲ್ಲಿ ಕಲ್ಲಿರುವವರ ವಿಷಯದಲ್ಲಿ ಡಾಕ್ಟರುಗಳು ನಿಜವಾಗಿ ಹೇಗೆ ಯೋಚಿಸುತ್ತಾರೆ?

ಕಬ್ಬಿಣದ ಕಡಲೆ

ತಮ್ಮಾ, ಹನ್ನೊಂದು ವರ್ಷದಿಂದ ಟ್ರೈನಿಂಗ್ ಕೊಡುತ್ತಿದ್ದೇನೆ. ಕ್ರಿಯೇಟಿನ್‌ನಿಂದ ಕಲ್ಲಾಗಲ್ಲ. ಆದರೆ ಅದು ನೀರನ್ನೆಲ್ಲ ಮಾಂಸಖಂಡಕ್ಕೆ ಎಳೆಯುತ್ತದೆ, ಕಿಡ್ನಿಗೆ ನೀರು ಉಳಿಯಲ್ಲ. ಅದಕ್ಕೇ ದಿನಕ್ಕೆ 5 ಲೀಟರ್ ಕುಡಿಯಲೇಬೇಕು. ಕುಡಿಯದಿದ್ದರೆ ಕಲ್ಲು ಗ್ಯಾರಂಟಿ.

ಸಕಲೇಶಪುರ ಮಳೆ

ನನ್ನ ತಮ್ಮನಿಗೆ ಕ್ರಿಯೇಟಿನ್ ಶುರು ಮಾಡಿ ಒಂದೂವರೆ ತಿಂಗಳಿಗೆ ಕಲ್ಲು ಬಂತು. ಸಿಟಿ ಸ್ಕ್ಯಾನ್‌ನಲ್ಲಿ 8 ಮಿಲಿಮೀಟರ್. ಇದಕ್ಕಿಂತ ಪುರಾವೆ ಬೇಕಾ? ದಯವಿಟ್ಟು ಮುಟ್ಟಬೇಡಿ.

ಅರಸೀಕೆರೆ ತೆಂಗು

ನಮ್ಮ ತಂದೆಗೂ ಕ್ರಿಯಾಟಿನಿನ್ ಜಾಸ್ತಿ ಇದೆ, 4.1. ಡಯಾಲಿಸಿಸ್ ಬೇಕಾಗಬಹುದು ಅಂದಿದ್ದಾರೆ. ಆದರೆ ಅವರು ಯಾವ ಪೌಡರನ್ನೂ ತಗೊಂಡಿಲ್ಲ. ಕ್ರಿಯಾಟಿನಿನ್ ಕಮ್ಮಿ ಮಾಡಲು ಏನಾದರೂ ಪಥ್ಯ ಇದ್ದರೆ ತಿಳಿಸಿ.

ಟೆಸ್ಟ್‌ಟ್ಯೂಬ್ ಬೇಲೂರು

ಅರಸೀಕೆರೆಯವರೇ, ಎರಡೂ ಬೇರೆ. ಇವರು ಕೇಳುತ್ತಿರುವುದು ಕ್ರಿಯೇಟಿನ್, ಅದು ಡಬ್ಬದಲ್ಲಿ ಬರುವ ಪುಡಿ. ನಿಮ್ಮ ತಂದೆಯ ರಿಪೋರ್ಟ್‌ನಲ್ಲಿರುವುದು ಕ್ರಿಯಾಟಿನಿನ್. ಮೈಯಲ್ಲಿರುವ ಕ್ರಿಯೇಟಿನ್ ದಿನಾ ಸ್ವಲ್ಪ ಸ್ವಲ್ಪ ಸವೆದು ಕ್ರಿಯಾಟಿನಿನ್ ಆಗುತ್ತದೆ, ಅದನ್ನು ಕಿಡ್ನಿ ಹೊರಗೆ ಹಾಕುತ್ತದೆ. ತಂದೆಯವರಿಗೆ ಹೊರಗೆ ಹಾಕುವ ಕೆಲಸವೇ ಕುಂದಿದೆ. ಪಥ್ಯ ಇಲ್ಲಿ ಕೇಳಬೇಡಿ, ಅವರನ್ನು ನೋಡುತ್ತಿರುವ ಕಿಡ್ನಿ ಡಾಕ್ಟರ ಹತ್ತಿರವೇ ಕೇಳಿ. ಆ ಹಂತದಲ್ಲಿ ಎಳನೀರು, ಬಾಳೆಹಣ್ಣು ಕೂಡ ಅಪಾಯ ಆಗಬಹುದು, ಪೊಟ್ಯಾಶಿಯಂ ಏರುತ್ತದೆ.

ಅರಸೀಕೆರೆ ತೆಂಗು

ಎಳನೀರು ದಿನಾ ಎರಡು ಕೊಡುತ್ತಿದ್ದೇವೆ! ತೋಟದ್ದೇ. ಇವತ್ತೇ ಡಾಕ್ಟರಿಗೆ ಫೋನ್ ಮಾಡುತ್ತೇನೆ. ತುಂಬಾ ಉಪಕಾರ ಆಯ್ತು.

ಮೂಡಿಗೆರೆ ಡಾಕ್ಟರಮ್ಮ

ಕಿಡ್ನಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮನ್ನು ಪರೀಕ್ಷೆ ಮಾಡದೆ ಚಿಕಿತ್ಸೆ ಹೇಳುವುದಿಲ್ಲ, ನಾವು ಯೋಚಿಸುವ ದಾರಿ ಮಾತ್ರ ಹೇಳುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಗಂಟುಬಿದ್ದಿವೆ. ಕಿಡ್ನಿ ಸರಿಯಾಗಿ ಸೋಸುತ್ತಿದೆಯಾ ಅನ್ನುವುದು ಒಂದು. ಮೂತ್ರದಲ್ಲಿ ಕಲ್ಲು ಕಟ್ಟುವ ವಾತಾವರಣ ಇದೆಯಾ ಅನ್ನುವುದು ಇನ್ನೊಂದು. 1.4 ಅನ್ನುವ ಅಂಕಿ ಮೊದಲನೆಯದಕ್ಕೆ ಸೇರಿದ್ದು. ಅದನ್ನು ನೋಡಿ "ಕಲ್ಲಾಗುತ್ತೆ" ಅನ್ನಲು ಬರುವುದಿಲ್ಲ.

ಮೊದಲನೆಯದಕ್ಕೆ ಉತ್ತರ ಸುಲಭ. ಕ್ರಿಯೇಟಿನ್ ತಿಂದರೆ ಕ್ರಿಯಾಟಿನಿನ್ ತಯಾರಾಗುವುದೇ ಸ್ವಲ್ಪ ಜಾಸ್ತಿ ಆಗುತ್ತದೆ. ಜೊತೆಗೆ ನಿಮ್ಮ ಮಾಂಸಖಂಡವೂ ಜಾಸ್ತಿ. ಇಜಿಎಫ್‌ಆರ್ ಯಂತ್ರ ಅಳೆದದ್ದಲ್ಲ, ಕ್ರಿಯಾಟಿನಿನ್, ವಯಸ್ಸು, ಗಂಡೋ ಹೆಣ್ಣೋ ಇಷ್ಟನ್ನು ಸೂತ್ರಕ್ಕೆ ಹಾಕಿ ಬಂದ, ಕಿಡ್ನಿ ಸೋಸುವ ಶಕ್ತಿಯ ಅಂದಾಜು. ನೀವು ಜಿಮ್ ಮಾಡುವುದು ಸೂತ್ರಕ್ಕೆ ಗೊತ್ತಿಲ್ಲ. 2010ರಲ್ಲಿ ಪ್ರಕಟವಾದ ಒಂದು ಪ್ರಕರಣ ಇದೆ. ಒಂದೇ ಕಿಡ್ನಿ ಇದ್ದ 20 ವರ್ಷದ ಯುವಕನಿಗೆ ಐದು ದಿನ 20 ಗ್ರಾಂ, ಆಮೇಲೆ ಒಂದು ತಿಂಗಳು 5 ಗ್ರಾಂ ಕ್ರಿಯೇಟಿನ್ ಕೊಟ್ಟು ನೋಡಿದರು. ಕ್ರಿಯಾಟಿನಿನ್ ಏರಿತು, ಆದರೆ ಸೋಸುವ ಶಕ್ತಿಯನ್ನು ನೇರವಾಗಿ ಅಳೆದಾಗ ಅದು ಇಳಿದಿರಲಿಲ್ಲ.

ಹಾಗಂತ ಪುಡಿಯ ಮೇಲೇ ತಪ್ಪು ಹೊರಿಸಿ ಸುಮ್ನೆ ಕೂರುವುದೂ ಸರಿಯಲ್ಲ. ಮೂರು ವಾರ ಪುಡಿ ನಿಲ್ಲಿಸಿ. ಟೆಸ್ಟ್‌ಗೆ ಮುಂಚಿನ ಎರಡು ದಿನ ಭಾರಿ ವರ್ಕೌಟ್ ಬೇಡ, ಹಿಂದಿನ ರಾತ್ರಿ ಮಟನ್ ಊಟ ಬೇಡ. ಆಮೇಲೆ ಕ್ರಿಯಾಟಿನಿನ್ ಮತ್ತೆ ನೋಡಿಸಿ, ಸಾಧ್ಯವಾದರೆ ಸಿಸ್ಟಾಟಿನ್ ಸಿ ಅನ್ನುವ ಇನ್ನೊಂದು ರಕ್ತಪರೀಕ್ಷೆ ಕೂಡ ಮಾಡಿಸಿ. ಅದು ಮಾಂಸಖಂಡದ ಲೆಕ್ಕಕ್ಕೆ ಅಷ್ಟಾಗಿ ಸಿಗುವುದಿಲ್ಲ. ಥೈರಾಯ್ಡ್ ತೊಂದರೆ ಇದ್ದರೆ ಅಥವಾ ಸ್ಟೀರಾಯ್ಡ್ ತಗೊಳ್ಳುತ್ತಿದ್ದರೆ ಮಾತ್ರ ಅದೂ ದಾರಿ ತಪ್ಪಿಸುತ್ತದೆ. ಮೂತ್ರದಲ್ಲಿ ಪ್ರೋಟೀನ್, ರಕ್ತ ಇದೆಯಾ ಅಂತಲೂ ನೋಡಬೇಕು.

ಕಲ್ಲಿನ ವಿಷಯಕ್ಕೆ ಬರುವ ಮುಂಚೆ ಕೆಲವು ಪ್ರಶ್ನೆ. ಅಪ್ಪನ ಕಲ್ಲು ಯಾವ ಜಾತಿಯದು ಅಂತ ಪರೀಕ್ಷೆ ಆಗಿತ್ತಾ? ಮನೆಯಲ್ಲಿ ಚಿಕ್ಕ ಮಕ್ಕಳಿಗೆ ಯಾರಿಗಾದರೂ ಬಂದಿತ್ತಾ? ಯಾರಿಗಾದರೂ ಕಿಡ್ನಿ ಕೈಕೊಟ್ಟಿದೆಯಾ? ಅಪ್ಪ ಅಮ್ಮನದು ಸಂಬಂಧದಲ್ಲೇ ಆದ ಮದುವೆಯಾ? ಪುಡಿ ಬಿಟ್ಟು ಇನ್ನೇನೇನು ತಗೊಳ್ಳುತ್ತೀರಿ?

ಕಾಫಿಗಿಡ

ಹುರುಳಿ ಕಟ್ಟಿನ ಸಾರು, ಬಾಳೆದಿಂಡಿನ ರಸ. ನಮ್ಮ ಅಜ್ಜಿ ಕಾಲದಿಂದ ಇದೇ. ನನಗೇ ಹೋಗಿದೆ.

ಕಬ್ಬಿಣದ ಕಡಲೆ

@ಡಾಕ್ಟರಮ್ಮ ಮದುವೆ ಸಂಬಂಧಕ್ಕೂ ಕ್ರಿಯೇಟಿನ್‌ಗೂ ಏನು ಸಂಬಂಧ ಮೇಡಂ? ಹುಡುಗನನ್ನು ಸುಮ್ನೆ ಹೆದರಿಸುತ್ತಿದ್ದೀರಿ.

ಕಡೂರು ಅಕ್ಕ

ಸಂಬಂಧ ಇದೆ ಸರ್. ನನ್ನ ತಮ್ಮನಿಗೆ 11ನೇ ವಯಸ್ಸಲ್ಲಿ ಕಲ್ಲು ಬಂತು. ಎರಡೂ ಕಡೆ. ಅಪ್ಪ ಅಮ್ಮ ಸೋದರಮಾವನ ಮಗಳು, ಅತ್ತೆ ಮಗ. ಎರಡು ಸಲ ತೆಗೆಸಿದರೂ ಮತ್ತೆ ಬಂತು. ಮೂರನೇ ಸಲ ಒಬ್ಬ ಡಾಕ್ಟರು ಕಲ್ಲನ್ನೇ ಪರೀಕ್ಷೆಗೆ ಕಳಿಸಿದರು. ಸಿಸ್ಟಿನ್ ಕಲ್ಲು ಅಂತ ಬಂತು. ಅದು ಅಪ್ಪನಿಂದ ಒಂದು, ಅಮ್ಮನಿಂದ ಒಂದು ದೋಷ ಸೇರಿದಾಗ ಬರುವಂಥದ್ದಂತೆ. ಅವನು ಈಗಲೂ ರಾತ್ರಿ ಅಲಾರಂ ಇಟ್ಟುಕೊಂಡು ಎದ್ದು ನೀರು ಕುಡಿದು ಮಲಗುತ್ತಾನೆ. ರಾತ್ರಿ ಮೂತ್ರ ಗಟ್ಟಿಯಾದರೆ ಅವನಿಗೆ ಕಲ್ಲು ಕಟ್ಟುತ್ತದೆ. ಮಾತ್ರೆ ಬೇರೆ ಇದೆ. ಮೊದಲನೇ ಸಲವೇ ಆ ಕಲ್ಲನ್ನು ಪರೀಕ್ಷೆ ಮಾಡಿಸಿದ್ದರೆ ಮಗುವಿನ ಎರಡು ಆಪರೇಷನ್ ತಪ್ಪುತ್ತಿತ್ತೋ ಏನೋ. ಅದಕ್ಕೇ ಡಾಕ್ಟರು ಕೇಳುವುದು.

ಕಬ್ಬಿಣದ ಕಡಲೆ

ಇದು ಗೊತ್ತಿರಲಿಲ್ಲ ಅಕ್ಕ. ಕ್ಷಮಿಸಿ.

ಮೂಡಿಗೆರೆ ಡಾಕ್ಟರಮ್ಮ

ಕಡೂರು ಅಕ್ಕ ನನ್ನ ಕೆಲಸ ಮಾಡಿಕೊಟ್ಟರು. "ವಂಶದಲ್ಲಿ ಕಲ್ಲಿದೆ" ಅನ್ನುವ ಒಂದೇ ಮಾತಿನಲ್ಲಿ ಎರಡು ಬೇರೆ ಸಂಗತಿ ಅಡಗಿರುತ್ತವೆ. ಮೊದಲನೆಯದು ಇಂಥ ಅಪರೂಪದ, ಹುಟ್ಟಿನಿಂದ ಬರುವ ಕಾಯಿಲೆ. ಚಿಕ್ಕ ವಯಸ್ಸು, ಎರಡೂ ಕಿಡ್ನಿ, ಮತ್ತೆ ಮತ್ತೆ ಬರುವುದು, ಮನೆಯಲ್ಲಿ ಕಿಡ್ನಿ ಕೈಕೊಟ್ಟವರು ಇರುವುದು, ಇವು ಅದರ ಸುಳಿವು. ಅಂಥ ಮನೆಯಾದರೆ ಕ್ರಿಯೇಟಿನ್ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಮೊದಲು ಕಾಯಿಲೆ ಪತ್ತೆ ಮಾಡುತ್ತೇವೆ.

ಎರಡನೆಯದು ಸಾಮಾನ್ಯ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು. ಅಮೆರಿಕದ ಗಂಡಸರ ಮೇಲೆ ನಡೆದು 1997ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಮನೆಯಲ್ಲಿ ಕಲ್ಲಿದ್ದವರಿಗೆ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು ಅಪಾಯ ಕಂಡಿತ್ತು. ಅದರಲ್ಲಿ ರಕ್ತದಿಂದ ಬಂದದ್ದೆಷ್ಟು, ಒಂದೇ ಅಡುಗೆಮನೆಯ ಉಪ್ಪಿನಿಂದ ಬಂದದ್ದೆಷ್ಟು ಅಂತ ಬಿಡಿಸುವುದು ಕಷ್ಟ.

ಸಂತೆಪೇಟೆ ಹುಡುಗ

ಉತ್ತರ ಹೇಳುತ್ತೇನೆ ಮೇಡಂ. ಅಪ್ಪ ಅಮ್ಮನದು ಸಂಬಂಧದ ಮದುವೆ ಅಲ್ಲ. ಮಕ್ಕಳಿಗೆ ಯಾರಿಗೂ ಬಂದಿಲ್ಲ, ಕಿಡ್ನಿ ಕೈಕೊಟ್ಟವರೂ ಇಲ್ಲ. ಕಲ್ಲು ಪರೀಕ್ಷೆ ಆಗಿಲ್ಲ. ಆದರೆ ಎರಡನೇ ಕಲ್ಲು ತಾನಾಗೇ ಬಿದ್ದಿತ್ತು, ಅಪ್ಪ ಅದನ್ನು ಎತ್ತಿಟ್ಟಿದ್ದಾರಂತೆ!

ನಾನು ತಗೊಳ್ಳುವುದು: ಬೆಳಗ್ಗೆ ಪಾಲಕ್, ಬಾದಾಮಿ, ಬಾಳೆಹಣ್ಣು ಹಾಕಿ ಮಿಕ್ಸಿಗೆ ಹಾಕಿದ ಸ್ಮೂದಿ, ದೊಡ್ಡ ಲೋಟ. ವಿಟಮಿನ್ ಸಿ 1000 ಮಿಲಿಗ್ರಾಂ ಮಾತ್ರೆ ದಿನಕ್ಕೊಂದು, ಕೊರೊನಾ ಸಮಯದಲ್ಲಿ ಶುರುವಾಗಿದ್ದು ನಿಂತಿಲ್ಲ. ಒಂದು ಸ್ಕೂಪ್ ವೇ ಪ್ರೋಟೀನ್. ಮಧ್ಯಾಹ್ನ ಮುದ್ದೆ ಸಾರು, ರಾತ್ರಿ ಚಿಕನ್. ಹಾಲು ಕಲ್ಲು ಕಟ್ಟಿಸುತ್ತೆ ಅಂತ ಯಾರೋ ಹೇಳಿದ್ದರು, ಬಿಟ್ಟಿದ್ದೇನೆ. ನೀರು, ಶಿಫ್ಟ್‌ನಲ್ಲಿ ಅಷ್ಟಾಗಿ ಆಗಲ್ಲ. ಒಂದೂವರೆ ಲೀಟರ್ ಇರಬಹುದು.

ಮೂಡಿಗೆರೆ ಡಾಕ್ಟರಮ್ಮ

ನೋಡಿ, ಈಗ ನನ್ನ ಕಣ್ಣು ಕ್ರಿಯೇಟಿನ್ ಡಬ್ಬದಿಂದ ನಿಮ್ಮ ಮಿಕ್ಸಿ ಜಾರ್ ಕಡೆಗೆ ಹೋಯಿತು.

ಕಲ್ಲಿನಲ್ಲಿ ಇರುವುದು ಕ್ಯಾಲ್ಸಿಯಂ, ಆಕ್ಸಲೇಟ್, ಕೆಲವರಿಗೆ ಯೂರಿಕ್ ಆಸಿಡ್. ಕ್ರಿಯೇಟಿನ್ ಆಗಲಿ ಕ್ರಿಯಾಟಿನಿನ್ ಆಗಲಿ ಕಲ್ಲಿನ ಇಟ್ಟಿಗೆ ಅಲ್ಲ. ಎರಡೂ ಮೂತ್ರದಲ್ಲಿ ಕರಗಿ ಹೋಗುತ್ತವೆ. ಆದರೆ ಹಸಿ ಪಾಲಕ್ ಮತ್ತು ಬಾದಾಮಿ ಎರಡರಲ್ಲೂ ಆಕ್ಸಲೇಟ್ ತುಂಬಾ ಇದೆ. ವಿಟಮಿನ್ ಸಿ ಜಾಸ್ತಿಯಾದರೆ ಅದರ ಒಂದು ಪಾಲನ್ನು ಮೈ ಆಕ್ಸಲೇಟ್ ಮಾಡಿಯೇ ಹೊರಗೆ ಹಾಕುತ್ತದೆ. ಸ್ವೀಡನ್‌ನ ಗಂಡಸರ ಮೇಲಿನ 2013ರ ಅಧ್ಯಯನದಲ್ಲಿ ವಿಟಮಿನ್ ಸಿ ಮಾತ್ರೆ ತಗೊಳ್ಳುವವರಲ್ಲಿ ಕಲ್ಲು ಹೆಚ್ಚುಕಮ್ಮಿ ಎರಡು ಪಟ್ಟು ಕಂಡಿತು. ನೆಲ್ಲಿಕಾಯಿ, ಸೀಬೆಹಣ್ಣು ತಿನ್ನುವುದಕ್ಕೆ ಇದನ್ನು ಹೋಲಿಸಬೇಡಿ, ಮಾತು ಮಾತ್ರೆಯದು.

ಹಾಲು ಬಿಟ್ಟಿದ್ದು ಉಲ್ಟಾ ಆಯ್ತು. ಊಟದ ಜೊತೆ ಹಾಲು ಮೊಸರು ಇದ್ದರೆ ಅದರ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ, ಎರಡೂ ಮಲದಲ್ಲಿ ಹೋಗುತ್ತವೆ. ಹಾಲಿಲ್ಲದೆ ಪಾಲಕ್ ಕುಡಿದರೆ ಆಕ್ಸಲೇಟ್ ಬಿಡುಬೀಸಾಗಿ ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ.

ಕಡೂರು ಅಕ್ಕ

ಮೇಡಂ, ಹಾಗಾದರೆ ಸೊಪ್ಪು ಬೇಯಿಸಿ ನೀರು ಬಸಿದರೆ ಆಕ್ಸಲೇಟ್ ಹೋಗುತ್ತೆ ಅಂತಾರಲ್ಲ, ನಾವು ಬಸ್ಸಾರು ಮಾಡುವಾಗ ಆ ಬಸಿದ ಕಟ್ಟಿಗೇ ಮಸಾಲೆ ಹಾಕಿ ಸಾರು ಮಾಡುತ್ತೇವಲ್ಲ? ಪಲ್ಯದಿಂದ ಹೋಗಿದ್ದು ಸಾರಿಗೆ ಬಂತು!

ಮೂಡಿಗೆರೆ ಡಾಕ್ಟರಮ್ಮ

ಸರಿಯಾಗಿ ಹಿಡಿದಿರಿ. ಕರಗುವ ಆಕ್ಸಲೇಟ್ ಕಟ್ಟಿಗೇ ಇಳಿಯುತ್ತದೆ. ದಂಟು, ಪಾಲಕ್ ಬಸ್ಸಾರು ಅಪರೂಪಕ್ಕೆ ಮಾಡಿದರೆ ಚಿಂತೆ ಬೇಡ, ಊಟದ ಕೊನೆಗೆ ಮಜ್ಜಿಗೆ ಅನ್ನ ಉಣ್ಣಿ. ಕಲ್ಲು ಕಟ್ಟುವವರ ಮನೆಯಲ್ಲಿ ಹುರುಳಿ, ಅವರೆ, ಹೆಸರುಕಾಳಿನ ಕಟ್ಟು ಒಳ್ಳೆಯದು, ಸೊಪ್ಪಿನ ಕಟ್ಟನ್ನು ಚೆಲ್ಲಿ.

ಸಕಲೇಶಪುರ ಮಳೆ

ನನ್ನ ತಮ್ಮನ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ. ಅವನು ಪಾಲಕ್ ಮುಟ್ಟುವವನೇ ಅಲ್ಲ.

ಟೆಸ್ಟ್‌ಟ್ಯೂಬ್ ಬೇಲೂರು

ಅಕ್ಕ, 8 ಮಿಲಿಮೀಟರ್ ಕಲ್ಲು ಒಂದೂವರೆ ತಿಂಗಳಲ್ಲಿ ಬೆಳೆಯುವುದು ತೀರಾ ಅಪರೂಪ. ಮುಂಚೆಯೇ ಒಳಗೆ ಕೂತಿತ್ತು, ಆಗ ಜಾರಿ ಕೆಳಗೆ ಬಂದು ನಾಳದಲ್ಲಿ ಸಿಕ್ಕಿಕೊಂಡು ನೋವು ಕೊಟ್ಟಿರಬೇಕು.

ಸಕಲೇಶಪುರ ಮಳೆ

"ಇರಬೇಕು" ಅಂದರೆ ನಿಮಗೂ ಖಚಿತ ಇಲ್ಲ ತಾನೆ? ಅವನಿಗೆ ಯೂರಾಲಜಿ ಡಾಕ್ಟರೇ ಪುಡಿ ನಿಲ್ಲಿಸು ಅಂದರು. ನಿಲ್ಲಿಸಿದ ಮೇಲೆ ಎರಡು ವರ್ಷ ಏನೂ ಬಂದಿಲ್ಲ. ಕಲ್ಲಿಗೂ ಪುಡಿಗೂ ಸಂಬಂಧ ಇಲ್ಲದಿದ್ದರೆ ಅವರು ಯಾಕೆ ಹಾಗೆ ಹೇಳಿದರು?

ಮೂಡಿಗೆರೆ ಡಾಕ್ಟರಮ್ಮ

ನ್ಯಾಯವಾದ ಪ್ರಶ್ನೆ. ಒಂದು ಸಲ ಕಲ್ಲು ಬಂದವರಿಗೆ ನಾನೂ ಎಷ್ಟೋ ಸಲ ನಿಲ್ಲಿಸಿ ಅನ್ನುತ್ತೇನೆ. ಅದಕ್ಕೆ ಕಾರಣ, ಪುಡಿ ಕಲ್ಲು ಕಟ್ಟಿಸುತ್ತದೆ ಅನ್ನುವುದಲ್ಲ.

ಕ್ರಿಯೇಟಿನ್ ಅಧ್ಯಯನಗಳಿಗೆ ಸೇರಿದವರು ಹೆಚ್ಚಾಗಿ ಆರೋಗ್ಯವಂತ ಆಟಗಾರರು, ಜಿಮ್‌ನವರು. ಕಲ್ಲು ಕಟ್ಟುವ ಮನೆತನದವರನ್ನೇ ಆರಿಸಿ, ಅರ್ಧ ಜನಕ್ಕೆ ಪುಡಿ ಕೊಟ್ಟು, ಅರ್ಧ ಜನಕ್ಕೆ ಕೊಡದೆ, ಐದು ವರ್ಷ ಕಾದು ಕಲ್ಲು ಎಣಿಸಿದ ಪ್ರಯೋಗ ಇಲ್ಲ. ಹಾಗಾಗಿ "ಅಪಾಯ ಕಂಡಿಲ್ಲ" ಅಂತ ಹೇಳಬಹುದು, "ಅಪಾಯ ಇಲ್ಲವೇ ಇಲ್ಲ" ಅಂತ ಹೇಳಲಾಗದು.

ಇನ್ನೊಂದು ಕಾರಣ ದಿನನಿತ್ಯದ್ದು. ಕಲ್ಲು ನಾಳಕ್ಕೆ ಅಡ್ಡ ಕೂತು ಕಿಡ್ನಿಗೆ ಪೆಟ್ಟು ಬೀಳುತ್ತಿದ್ದರೆ ನಮಗೆ ಗಂಟೆ ಬಾರಿಸುವುದು ಅದೇ ಕ್ರಿಯಾಟಿನಿನ್. ತುರ್ತು ವಿಭಾಗಕ್ಕೆ ಬಂದವನ ಕ್ರಿಯಾಟಿನಿನ್ 1.5 ಇದ್ದರೆ ಅದು ಪುಡಿಯದ್ದೋ, ಅಡ್ಡ ಕೂತ ಕಲ್ಲಿನದ್ದೋ? ಆ ಗೊಂದಲ ನಮಗೆ ಬೇಡ. ನಿಮ್ಮ ತಮ್ಮನಿಗೆ ನಿಲ್ಲಿಸಲು ಹೇಳಿದ್ದು ತಪ್ಪಲ್ಲ. ಆದರೆ ಅದರ ಜೊತೆಗೇ ನೀರು ಜಾಸ್ತಿ ಕುಡಿಯಲು ಹೇಳಿರುತ್ತಾರೆ. ಎರಡು ವರ್ಷ ಕಾಪಾಡಿದ್ದು ಯಾವುದು?

ಸಕಲೇಶಪುರ ಮಳೆ

ಹೇಳಿದ್ದರು. ಈಗ ಬಾಟಲಿ ಬಿಡದೆ ಹಿಡಿದುಕೊಂಡೇ ಓಡಾಡುತ್ತಾನೆ. ಆದರೂ ನನ್ನ ಮನಸ್ಸು ಪುಡಿ ಒಪ್ಪಲ್ಲ.

ಕಾಫಿಗಿಡ

ಬಿಯರ್ ಕುಡಿದರೆ ಕಲ್ಲು ಹೋಗುತ್ತೆ ಅಂತಾರಲ್ಲ, ಅದು?

ಟೆಸ್ಟ್‌ಟ್ಯೂಬ್ ಬೇಲೂರು

ಆ ರಾತ್ರಿ ಮೂತ್ರ ಜಾಸ್ತಿ ಹೋಗುತ್ತೆ, ಬೆಳಗ್ಗೆ ಮೈ ಒಣಗಿರುತ್ತೆ. ಔಷಧಿ ಅಂದುಕೊಂಡು ಕುಡಿಯಬೇಡಿ.

ಕಬ್ಬಿಣದ ಕಡಲೆ

ನಾನು ಹೇಳಿದ 5 ಲೀಟರ್ ನೀರು ಸರಿನಾ ತಪ್ಪಾ ಮೇಡಂ? ನನ್ನ ಹತ್ತಿರ ಇಪ್ಪತ್ತು ಹುಡುಗರು ಕ್ರಿಯೇಟಿನ್ ತಗೊಳ್ಳುತ್ತಿದ್ದಾರೆ.

ಮೂಡಿಗೆರೆ ಡಾಕ್ಟರಮ್ಮ

ಅರ್ಧ ಸರಿ. ಶುರುವಿನಲ್ಲಿ ಮಾಂಸಖಂಡದಲ್ಲಿ ಒಂದು ಕಿಲೋದಷ್ಟು ನೀರು ಸೇರುವುದು ನಿಜ, ಮೊದಲ ಕೆಲವು ದಿನ 20 ಗ್ರಾಂ ತಗೊಳ್ಳುವ ಲೋಡಿಂಗ್ ಮಾಡಿದರೆ ಇನ್ನೂ ಬೇಗ. ಆದರೆ ಅದರಿಂದ ಕಿಡ್ನಿ ಒಣಗುವುದಿಲ್ಲ. ನಿಮ್ಮ ಹುಡುಗರ ಮೂತ್ರ ಗಟ್ಟಿಯಾಗುವುದು ಬೆವರಿನಿಂದ, ನೀರು ಕುಡಿಯದೆ ಇರುವುದರಿಂದ. ಪುಡಿ ತಗೊಳ್ಳದ ಹುಡುಗನಿಗೂ ಅಷ್ಟೇ.

ಎಷ್ಟು ಒಳಗೆ ಹೋಯಿತು ಅಂತಲ್ಲ, ಎಷ್ಟು ಹೊರಗೆ ಬಂತು ಅಂತ ಲೆಕ್ಕ ಹಿಡಿಯಿರಿ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ನಮ್ಮ ಗುರಿ. 1996ರಲ್ಲಿ ಇಟಲಿಯಿಂದ ಬಂದ ಪ್ರಯೋಗದಲ್ಲಿ ಮೊದಲ ಸಲ ಕಲ್ಲು ಬಂದವರಿಗೆ ದಿನಕ್ಕೆ ಎರಡು ಲೀಟರ್ ಮೂತ್ರ ಆಗುವಷ್ಟು ನೀರು ಕುಡಿಸಿದರು. ಐದು ವರ್ಷದಲ್ಲಿ ಅವರಲ್ಲಿ ನೂರಕ್ಕೆ 12 ಜನಕ್ಕೆ ಕಲ್ಲು ಮತ್ತೆ ಬಂತು. ಹಾಗೆ ಕುಡಿಯದವರಲ್ಲಿ 27 ಜನಕ್ಕೆ. ಹಾಸನದ ಜುಲೈ ತಿಂಗಳಿಗೆ 5 ಲೀಟರ್ ಬೇಕಾಗಿಲ್ಲ. ಬಿಸಿಲಿಗೆ ನಿಂತು ಕೆಲಸ ಮಾಡುವವನಿಗೆ 3 ಲೀಟರ್ ಸಾಲದು.

ಮತ್ತೊಂದು, ಮೈಕೈ ನೋವಿಗೆ ನಿಮ್ಮ ಹುಡುಗರು ನುಂಗುವ ನೋವಿನ ಮಾತ್ರೆ. ಬೆವರಿ ಒಣಗಿದ ಮೈಗೆ ಅದು ಕ್ರಿಯೇಟಿನ್‌ಗಿಂತ ದೊಡ್ಡ ಅಪಾಯ. ಅದನ್ನು ನಿಲ್ಲಿಸಿ.

ಟೆಸ್ಟ್‌ಟ್ಯೂಬ್ ಬೇಲೂರು

ಸಂತೆಪೇಟೆಯವರೇ, ಕಲ್ಲು ಕಟ್ಟುವ ವಾತಾವರಣ ಇದೆಯಾ ಅಂತ ನೋಡಲು 24 ಗಂಟೆ ಮೂತ್ರ ಪರೀಕ್ಷೆ ಬರೆದುಕೊಟ್ಟರೆ ಇದನ್ನು ಓದಿ. ಹದಿನಾಲ್ಕು ವರ್ಷದಲ್ಲಿ ನಾನು ನೋಡಿದ ಕ್ಯಾನ್‌ಗಳಲ್ಲಿ ಅರ್ಧದಷ್ಟು ತಪ್ಪಾಗಿ ತುಂಬಿದವು.

ಬೆಳಗ್ಗೆ ಆರಕ್ಕೆ ಎದ್ದರೆ ಮೊದಲ ಮೂತ್ರ ಟಾಯ್ಲೆಟ್‌ಗೇ ಹೋಗಲಿ. ಆ ಸಮಯ ಬರೆದಿಡಿ. ಅಲ್ಲಿಂದ ಒಂದು ಹನಿ ಬಿಡದೆ ಎಲ್ಲಾ ಕ್ಯಾನ್‌ಗೆ. ಮಾರನೇ ದಿನ ಆರು ಗಂಟೆಯ ಮೊದಲ ಮೂತ್ರವೂ ಕ್ಯಾನ್‌ಗೆ, ಅಲ್ಲಿಗೆ ಮುಗಿಯಿತು. ಜನ ತಪ್ಪುವುದು ಎಲ್ಲಿ ಅಂದರೆ ಸಂಡಾಸಿಗೆ ಕೂತಾಗ. ಮೊದಲು ಕ್ಯಾನ್, ಆಮೇಲೆ ಕೂರುವುದು. ಕೆಲವು ಕ್ಯಾನ್‌ನಲ್ಲಿ ಆಸಿಡ್ ಹಾಕಿ ಕೊಡುತ್ತಾರೆ, ಅದನ್ನು ಚೆಲ್ಲಬೇಡಿ, ಮೈಗೆ ತಾಗಿಸಿಕೊಳ್ಳಬೇಡಿ. ರಜೆ ದಿನ ಮಾಡಿ, ಆದರೆ ಊಟ, ನೀರು ಯಾವಾಗಿನಂತೆಯೇ ಇರಲಿ.

ಲ್ಯಾಬ್‌ಗೆ ಪುಡಿಯ ವಿಷಯ ತಪ್ಪದೆ ಹೇಳಿ. ಕ್ಯಾನ್ ಪೂರ್ತಿ ತುಂಬಿದೆಯಾ ಅಂತ ನಾವು ನೋಡುವುದೇ ಅದರಲ್ಲಿರುವ ಕ್ರಿಯಾಟಿನಿನ್‌ನಿಂದ. ಗಂಡಸಿಗೆ ಮೈತೂಕದ ಪ್ರತಿ ಕಿಲೋಗೆ 20ರಿಂದ 25 ಮಿಲಿಗ್ರಾಂ ಇರಬೇಕು. ಪುಡಿ ತಿನ್ನುವವರದು ಮೇಲೆ ಹೋಗುತ್ತದೆ, ಆಗ ನಾವು "ಇವನು ಒಂದು ದಿನಕ್ಕಿಂತ ಜಾಸ್ತಿ ಸೇರಿಸಿದ್ದಾನೆ" ಅಂತ ತಪ್ಪು ತಿಳಿಯುತ್ತೇವೆ.

ಸಂತೆಪೇಟೆ ಹುಡುಗ

ಎಲ್ಲರಿಗೂ ಐದು ವಾರದ ನಂತರದ ಸುದ್ದಿ.

ಪುಡಿ ನಿಲ್ಲಿಸಿ 22 ದಿನಕ್ಕೆ ರಕ್ತ ಕೊಟ್ಟೆ. ಕ್ರಿಯಾಟಿನಿನ್ 1.1, ಇಜಿಎಫ್‌ಆರ್ 96. ಸಿಸ್ಟಾಟಿನ್ ಸಿ ಸ್ಯಾಂಪಲ್ ಬೆಂಗಳೂರಿಗೆ ಕಳಿಸಿದ್ದರು, ನಾರ್ಮಲ್. ಮೂತ್ರದಲ್ಲಿ ಪ್ರೋಟೀನ್ ಇಲ್ಲ. ಅಲ್ಟ್ರಾಸೌಂಡ್‌ನಲ್ಲಿ ಕಲ್ಲು ಕಂಡಿಲ್ಲ.

ಅಪ್ಪನ ಕಲ್ಲು ಸಿಕ್ಕಿತು. ನೋವಿನ ಮುಲಾಮಿನ ಹಳೇ ಡಬ್ಬಿಯಲ್ಲಿ ಹತ್ತಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದರು. ಕೊತ್ತಂಬರಿ ಬೀಜದಷ್ಟಿದೆ, ಕಪ್ಪು ಮಿಶ್ರಿತ ಕಂದು, ಮೈಯೆಲ್ಲ ಗಂಟು ಗಂಟು. ಬೆರಳಲ್ಲಿ ಹಿಡಿದಾಗ ಇಷ್ಟು ಚಿಕ್ಕದು ಅಪ್ಪನನ್ನು ನೆಲಕ್ಕೆ ಕೆಡವಿತಾ ಅನ್ನಿಸಿತು. ಪರೀಕ್ಷೆಗೆ ಕೊಟ್ಟೆ. "ಕ್ಯಾಲ್ಸಿಯಂ ಆಕ್ಸಲೇಟ್ ಮೊನೊಹೈಡ್ರೇಟ್" ಅಂತ ಬಂತು. ನನ್ನ ಡಬ್ಬದ ಮೇಲೂ ಮೊನೊಹೈಡ್ರೇಟ್ ಅಂತಲೇ ಇದೆ! ಅಮ್ಮ ಅದನ್ನು ಓದಿ "ನೋಡು, ಎರಡೂ ಒಂದೇ" ಅಂತ ಅಳಲು ಶುರು ಮಾಡಿದರು. ಮೇಡಂ, ಇದಕ್ಕೆ ಏನಾದರೂ ಹೇಳಿ.

ಮೂತ್ರ ಪರೀಕ್ಷೆ ಎರಡು ಸಲ ಆಯ್ತು. ಮೊದಲ ಸಲ ಭಯಕ್ಕೆ ನೀರು ಕುಡಿದು ಕುಡಿದು 2.9 ಲೀಟರ್ ತುಂಬಿಸಿದೆ. ಡಾಕ್ಟರು "ಇದು ನೀನು ಬದುಕುವ ರೀತಿ ಅಲ್ಲ, ಮತ್ತೆ ಮಾಡು" ಅಂದರು. ಎರಡನೇ ಸಲ ಸತ್ಯ ಬಂತು. ಮೂತ್ರ ಬರೀ 1.1 ಲೀಟರ್. ಆಕ್ಸಲೇಟ್ 48, ಅವರ ಮಿತಿ 40. ಸೋಡಿಯಂ 230, ಅಂದರೆ ದಿನಕ್ಕೆ 13 ಗ್ರಾಂ ಉಪ್ಪು ತಿನ್ನುತ್ತಿದ್ದೇನಂತೆ. ಉಪ್ಪು ಜಾಸ್ತಿಯಾದರೆ ಮೂತ್ರಕ್ಕೆ ಕ್ಯಾಲ್ಸಿಯಂ ಕೂಡ ಜಾಸ್ತಿ ಬರುತ್ತೆ ಅಂದರು. ನನ್ನ ಕ್ಯಾಲ್ಸಿಯಂ ಮಿತಿಯ ಅಂಚಿನಲ್ಲಿದೆ. ಪುಡಿ ನಿಲ್ಲಿಸಿದ ಮೇಲೂ ಇಷ್ಟೆಲ್ಲ ಇತ್ತು ಅನ್ನುವುದೇ ನನಗೆ ಆಶ್ಚರ್ಯ.

ಮೂಡಿಗೆರೆ ಡಾಕ್ಟರಮ್ಮ

ಅಮ್ಮನಿಗೆ ಹೀಗೆ ಹೇಳಿ. ಮೊನೊಹೈಡ್ರೇಟ್ ಅಂದರೆ ಆ ಹರಳಿನಲ್ಲಿ ಒಂದು ಕಣಕ್ಕೆ ಒಂದು ನೀರಿನ ಕಣ ಅಂಟಿಕೊಂಡಿದೆ ಅಂತಷ್ಟೇ. ಇಬ್ಬರ ಇನಿಷಿಯಲ್ ಒಂದೇ ಇದ್ದ ಮಾತ್ರಕ್ಕೆ ಅಣ್ಣತಮ್ಮ ಆಗುವುದಿಲ್ಲ.

ಉಳಿದದ್ದು ನೀವೇ ಓದಿಕೊಂಡಿದ್ದೀರಿ. ಪುಡಿ ಇಲ್ಲದೆಯೂ ನಿಮ್ಮ ಮೂತ್ರ ಕಲ್ಲಿಗೆ ಹೇಳಿಮಾಡಿಸಿದ ಹಾಗಿತ್ತು. ಪುಡಿ ಮಾತ್ರ ಬಿಟ್ಟು ಸ್ಮೂದಿ, ಮಾತ್ರೆ, ಉಪ್ಪು, ಒಂದೂವರೆ ಲೀಟರ್ ನೀರು ಹಾಗೇ ಮುಂದುವರಿಸಿದ್ದರೆ ಏನೂ ಬದಲಾಗುತ್ತಿರಲಿಲ್ಲ. ಈಗ ನೋಡುತ್ತಿರುವ ಡಾಕ್ಟರು ಕ್ರಿಯೇಟಿನ್ ಬಗ್ಗೆ ಏನಂದರು?

ಸಂತೆಪೇಟೆ ಹುಡುಗ

ಇಬ್ಬರು ಎರಡು ಮಾತು ಹೇಳಿದರು. ಫಿಸಿಷಿಯನ್ "ದಿನಕ್ಕೆ 3 ಗ್ರಾಂ, ಲೋಡಿಂಗ್ ಬೇಡ, ವರ್ಷಕ್ಕೊಮ್ಮೆ ಪರೀಕ್ಷೆ, ಸಾಕು" ಅಂದರು. ಯೂರಾಲಜಿಯವರು "ಮೊದಲು ಮೂತ್ರ ಎರಡೂವರೆ ಲೀಟರ್‌ಗೆ ತಂದು ತೋರಿಸು, ಆಕ್ಸಲೇಟ್ ಇಳಿಸು, ಆಮೇಲೆ ಮಾತಾಡೋಣ" ಅಂದರು. ಮೇಡಂ, ನೀವಾದರೆ?

ಮೂಡಿಗೆರೆ ಡಾಕ್ಟರಮ್ಮ

ನಾನು ಯೂರಾಲಜಿಯವರ ಕಡೆ. ಇಬ್ಬರೂ ಪುಡಿಯನ್ನು ವಿಷ ಅಂದಿಲ್ಲ ನೋಡಿ. ಒಂದೇ ಸಲಕ್ಕೆ ಐದು ಬದಲಾವಣೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಮೂರು ತಿಂಗಳಿಗೆ ಇನ್ನೊಂದು ಕ್ಯಾನ್. ಅದು ಸರಿ ಬಂದ ಮೇಲೆ 3 ಗ್ರಾಂ ಶುರು ಮಾಡಿ ಮತ್ತೊಂದು ಕ್ಯಾನ್. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ಮೈ ಏನು ಹೇಳುತ್ತದೆ ಅಂತ ನಿಮಗೇ ಕಾಣುತ್ತದೆ.

ಕಬ್ಬಿಣದ ಕಡಲೆ

3 ಗ್ರಾಂ ಸಾಲಲ್ಲ ಮೇಡಂ, 5 ಬೇಕು.

ಮೂಡಿಗೆರೆ ಡಾಕ್ಟರಮ್ಮ

3 ಗ್ರಾಂ ದಿನಾ ತಗೊಂಡರೆ ಸುಮಾರು ನಾಲ್ಕು ವಾರದಲ್ಲಿ ಮಾಂಸಖಂಡ ತುಂಬುತ್ತದೆ. ತಡ ಆಗುತ್ತದೆ ಅಷ್ಟೇ. 100 ಕಿಲೋ ತೂಗುವವರ ಮಾತು ಬೇರೆ.

ಕಬ್ಬಿಣದ ಕಡಲೆ

ಒಪ್ಪಲು ಕಷ್ಟ, ಆದರೂ ನಾಲ್ಕು ಹುಡುಗರ ಮೇಲೆ ನೋಡುತ್ತೇನೆ. ಇವತ್ತಿಂದ ಪುಡಿ ಕೇಳಿದವನಿಗೆ ಮೊದಲು "ಮನೆಯಲ್ಲಿ ಯಾರಿಗಾದರೂ ಕಲ್ಲಿದೆಯಾ" ಅಂತ ಕೇಳುತ್ತೇನೆ.

ಕಾಫಿಗಿಡ

ನನ್ನ ಹುರುಳಿ ಸಾರಿಗೆ ಯಾರೂ ಏನೂ ಹೇಳಲಿಲ್ಲ.

ಕಡೂರು ಅಕ್ಕ

ನಮ್ಮ ತಮ್ಮನಿಗೂ ಮಾಡುತ್ತೇನೆ ಅಣ್ಣ, ಉಪ್ಪು ಅರ್ಧ ಹಾಕಿ. ಕಲ್ಲು ಕರಗಿಸುತ್ತೋ ಇಲ್ಲವೋ, ಎರಡು ಲೋಟ ನೀರಂತೂ ಒಳಗೆ ಹೋಗುತ್ತದೆ.

ಟೆಸ್ಟ್‌ಟ್ಯೂಬ್ ಬೇಲೂರು

ಸಂತೆಪೇಟೆಯವರೇ, ಮುಂದಿನ ಕ್ಯಾನ್ ಯಾವ ತಿಂಗಳು? ಏಪ್ರಿಲ್‌ನಲ್ಲಿ ಬೇಡ, ಸೆಕೆಗೆ ಬೆವರಿ ಮೂತ್ರ ಕಮ್ಮಿ ಬರುತ್ತೆ, ಹಿಂದಿನದಕ್ಕೆ ಹೋಲಿಸಲು ಆಗಲ್ಲ.

ಮೂಡಿಗೆರೆ ಡಾಕ್ಟರಮ್ಮ

ನಾನು ಏಪ್ರಿಲ್‌ನಲ್ಲೇ ಮಾಡಿಸಿ ಅನ್ನುತ್ತೇನೆ. ಕಲ್ಲು ಕಟ್ಟುವುದು ಸೆಕೆಯಲ್ಲೇ ಅಲ್ವಾ? ಆ ತಿಂಗಳಲ್ಲಿ ಎರಡೂವರೆ ಲೀಟರ್ ಬಂದರೆ ವರ್ಷವಿಡೀ ಬರುತ್ತದೆ.

ಸಂತೆಪೇಟೆ ಹುಡುಗ

ಏಪ್ರಿಲ್‌ನಲ್ಲೇ ಮಾಡಿಸುತ್ತೇನೆ. ಬಾಟಲಿ ಮೇಲೆ ಮಾರ್ಕರ್‌ನಲ್ಲಿ ಗೆರೆ ಹಾಕಿದ್ದೇನೆ, ಹತ್ತು ಗಂಟೆಗೆ ಇಲ್ಲಿಗೆ, ಒಂದು ಗಂಟೆಗೆ ಖಾಲಿ ಅಂತ. ಮಾತ್ರೆ ನಿಲ್ಲಿಸಿದೆ. ಪಾಲಕ್ ಬದಲು ಮೊಸರು ಬಾಳೆಹಣ್ಣು. ಅಪ್ಪನಿಗೂ ಒಂದು ಬಾಟಲಿ ತಂದುಕೊಟ್ಟಿದ್ದೇನೆ. ಡಬ್ಬ ಅಟ್ಟದ ಮೇಲೇ ಇದೆ.